ಒಂದೇ ದಿನ ಚರ್ಚಲ್ಲೂ ಮಂಟಪದಲ್ಲೂ ಮದುವೆ: ಯಾವುದು ಮೊದಲು, ಅಜ್ಜಿಗೆ ಹೇಗೆ ಹೇಳೋದು?

ಗಂಡಿನ_ಕಡೆ
ಎಲ್ಲರಿಗೂ ನಮಸ್ಕಾರ. ಮದುವೆ ನನ್ನದೇ. ಹುಡುಗಿ ಕ್ಯಾಥೊಲಿಕ್, ನಾವು ಹಿಂದೂ. ಎರಡೂ ಕಡೆ ಅಪ್ಪ ಅಮ್ಮ ಒಪ್ಪಿಯಾಗಿದೆ, ಯಾರೂ ಮತ ಬದಲಿಸೋ ಮಾತೇ ಇಲ್ಲ. ತೊಡಕಿರೋದು ನಮ್ಮಜ್ಜಿ ಮತ್ತು ಅವಳ ತಾತನ ಹತ್ತಿರ.

ನಾವು ಹಾಕಿಕೊಂಡಿದ್ದ ಲೆಕ್ಕ ಹೀಗೆ: ಶನಿವಾರ ಬೆಳಿಗ್ಗೆ 9:30ಕ್ಕೆ ಚರ್ಚು, ಅಲ್ಲಿಂದ ಮಂಟಪಕ್ಕೆ ಕಾರಲ್ಲಿ 20 ನಿಮಿಷ, 11:05ರಿಂದ 11:50ರ ಮುಹೂರ್ತದಲ್ಲಿ ತಾಳಿ. ಅಜ್ಜಿ ಇದನ್ನು ಕೇಳಿದ ತಕ್ಷಣ "ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ, ಆ ಹೊತ್ತಲ್ಲಿ ಉಂಗುರ ತೊಡಿಸಿದ್ರೆ ಆಮೇಲೆ ಮುಹೂರ್ತಕ್ಕೆ ಏನು ಬೆಲೆ" ಅಂದರು. ಸರಿ, ಮಂಟಪ ಮೊದಲು ಅಂತ ಅಂದುಕೊಂಡರೆ ಅವಳ ತಾತ "ತಾಳಿ ಕಟ್ಟಿಸಿಕೊಂಡು ಬಂದವಳಿಗೆ ಚರ್ಚಲ್ಲಿ ಇನ್ನೇನು ಮದುವೆ" ಅಂತ ಮುನಿಸು. ಇದರ ಮೇಲೆ ಫಾದರ್ "ಒಂದೇ ಮದುವೆಯನ್ನ ಎರಡು ಸಲ ಮಾಡೋಕೆ ಬರಲ್ಲ" ಅಂದುಬಿಟ್ಟರು. ಯಾರಾದ್ರೂ ಮಾಡಿಸಿದ್ದೀರಾ? ಯಾವುದು ಮೊದಲು ಇಟ್ಟಿರಿ?

ಸುಮ್ನೆ_ಓದೋನು
ರಿಜಿಸ್ಟರ್ ಆಫೀಸಿಗೆ ಹೋಗಿ ಸಹಿ ಹಾಕಿ. ಸಂಜೆ ರಿಸೆಪ್ಷನ್. ಮುಗೀತು.

ಜಯಂತಿ_ಆಂಟಿ
@ಸುಮ್ನೆ_ಓದೋನು ಅವರು ಕೇಳಿದ್ದು ಅಜ್ಜಿ ತಾತನ್ನ ನೋಯಿಸದೆ ಹೇಗೆ ಅಂತ. ನೀವು ಹೇಳಿದ್ದು ಇಬ್ಬರನ್ನೂ ಒಟ್ಟಿಗೆ ನೋಯಿಸೋ ದಾರಿ.

ಮೂಲೆಮನೆ_ರಾಜಣ್ಣ
ಚರ್ಚಲ್ಲಿ ಮದುವೆ ಆಗಬೇಕಂದ್ರೆ ಗಂಡು ಕ್ರಿಶ್ಚಿಯನ್ ಆಗಲೇಬೇಕು ತಮ್ಮಾ. ಇಲ್ಲಾಂದ್ರೆ ಅದು ಬರೀ ಪ್ರಾರ್ಥನೆ. ಮಕ್ಕಳನ್ನ ಅವರ ಧರ್ಮದಲ್ಲೇ ಬೆಳೆಸ್ತೀನಿ ಅಂತ ನಿನ್ನ ಹತ್ರಾನೂ ಸಹಿ ಹಾಕಿಸಿಕೊಳ್ತಾರೆ. ನಮ್ಮ ಆಫೀಸಿನವರೊಬ್ಬರ ಮನೇಲಿ ಹೀಗೇ ಆಗಿದ್ದು.

ಘಂಟಾಗೋಪುರ
ರಾಜಣ್ಣೋರೆ, ಅರ್ಧ ಸರಿ, ಅರ್ಧ ಹಳೇ ಕಾಲದ್ದು. ನಾನು ನಮ್ಮ ಚರ್ಚಿನ ಕಚೇರಿಯಲ್ಲಿ ಮದುವೆ ಕಾಗದಪತ್ರ ನೋಡಿಕೊಳ್ಳೋನು, ಇಂಥವು ಬರ್ತಾನೇ ಇರ್ತವೆ.

ದೀಕ್ಷಾಸ್ನಾನ ಆಗದವರನ್ನು ಕ್ಯಾಥೊಲಿಕರು ಮದುವೆ ಆಗಬೇಕಾದರೆ ಬಿಷಪ್ಪರಿಂದ ಡಿಸ್ಪೆನ್ಸೇಶನ್, ಅಂದರೆ ವಿಶೇಷ ಅನುಮತಿ ಬೇಕು. ಅದಿಲ್ಲದೆ ಎಷ್ಟೇ ವೈಭವದಿಂದ ಮಾಡಿದರೂ ಕ್ಯಾಥೊಲಿಕ್ ಧರ್ಮಸಭೆಯ ಲೆಕ್ಕದಲ್ಲಿ ಆ ಮದುವೆ ಊರ್ಜಿತ ಅಲ್ಲ. ಅದು ಸಿಕ್ಕರೆ ಗಂಡು ಹಿಂದೂ ಆಗಿದ್ದುಕೊಂಡೇ ಚರ್ಚಲ್ಲಿ ಮದುವೆ ಆಗಬಹುದು. ಮಕ್ಕಳ ವಿಷಯದಲ್ಲಿ ಮಾತು ಕೊಡೋಳು ಹುಡುಗಿ ಮಾತ್ರ: ನನ್ನ ನಂಬಿಕೆ ಬಿಡಲ್ಲ, ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸೋಕೆ ನನ್ನ ಕೈಲಾದಷ್ಟು ಪ್ರಯತ್ನ ಮಾಡ್ತೀನಿ ಅಂತ. ಅವಳು ಹೀಗೆ ಮಾತು ಕೊಟ್ಟಿದ್ದಾಳೆ ಅನ್ನೋದನ್ನ ಗಂಡಿಗೆ ತಿಳಿಸಬೇಕು, ಅಷ್ಟೇ. ಅವನಿಂದ ಪ್ರಮಾಣ ಕೇಳೋದು 1970ರಿಂದಲೇ ಇಲ್ಲ. ಆದರೆ ಈ ವಿಷಯ ನಿಮ್ಮ ಅಪ್ಪ ಅಮ್ಮನಿಗೆ ಮದುವೆ ವಾರದಲ್ಲಿ ಬೇರೆ ಯಾರದೋ ಬಾಯಿಂದ ಗೊತ್ತಾಗೋ ಹಾಗೆ ಮಾಡಬೇಡಿ. ನಾನು ನೋಡಿದ ದೊಡ್ಡ ಜಗಳಗಳೆಲ್ಲ ಇಲ್ಲೇ ಹುಟ್ಟಿದ್ದು, ಯಾವುದು ಮೊದಲು ಯಾವುದು ಆಮೇಲೆ ಅನ್ನೋದರಲ್ಲಲ್ಲ.

ಈಗ ಫಾದರ್ ಹೇಳಿದ್ದಕ್ಕೆ ಬರ್ತೀನಿ. ಅವರು ಹಟ ಮಾಡ್ತಿಲ್ಲ. ಸಭೆಯ ಕಾನೂನು 1127ರ ಮೂರನೇ ಕಲಮು ಅದು. ಚರ್ಚಿನ ಮದುವೆಗೆ ಮುಂಚೆಯಾಗಲಿ ಆಮೇಲಾಗಲಿ, ಅದೇ ಮದುವೆಗೆ ಮತ್ತೊಮ್ಮೆ ಒಪ್ಪಿಗೆ ಕೊಡೋ ಧಾರ್ಮಿಕ ವಿಧಿ ಕೂಡದು. ಫಾದರ್ ಮತ್ತು ಪುರೋಹಿತರು ಅಕ್ಕಪಕ್ಕ ನಿಂತು ಇಬ್ಬರೂ ಒಪ್ಪಿಗೆ ಕೇಳೋದೂ ಆಗಲ್ಲ. ಅಂದರೆ ನಿಮ್ಮ ಪ್ರಶ್ನೆ ಯಾವುದು ಮೊದಲು ಅನ್ನೋದೇ ಅಲ್ಲ. ಮದುವೆ ಯಾವುದು, ಆಶೀರ್ವಾದ ಯಾವುದು ಅಂತ ಮೊದಲು ತೀರ್ಮಾನ ಆಗಬೇಕು.

ಗಂಡಿನ_ಕಡೆ
@ಘಂಟಾಗೋಪುರ ಅಂದ್ರೆ ಮಂಟಪದಲ್ಲಿ ಏನೂ ಮಾಡೋ ಹಾಗಿಲ್ವಾ? ಅಜ್ಜಿ ಆ ದಿನ ಮನೇಲೇ ಕೂತುಬಿಡ್ತಾರೆ.

ಹುಬ್ಬಳ್ಳಿ_ಹುಲಿ
ಅಲ್ರೀ, ಇದನ್ನೆಲ್ಲಾ ಯಾರು ನೋಡ್ತಾರ? ನಮ್ಮ ಗೆಳೆಯಾಂದು ಹಿಂಗ ಆತು. ಮುಂಜಾನೆ ಚರ್ಚು, ಮಧ್ಯಾಹ್ನ ಅಕ್ಕಿಕಾಳು. ಫಾದರ್‌ಗೆ ಗೊತ್ತಿತ್ತು, ಗೊತ್ತಿಲ್ಲದವರಂಗ ಇದ್ರು. ಊಟಕ್ಕೂ ಬಂದಿದ್ರು.

ಘಂಟಾಗೋಪುರ
ಬರ್ತಾರೆ, ನಿಜ. ಕಣ್ಣುಮುಚ್ಚಿಕೊಳ್ಳೋ ಫಾದರ್‌ಗಳು ಬೇಕಾದಷ್ಟು ಇದ್ದಾರೆ. ಆದರೆ ಅವರಿಗೆ ವರ್ಗ ಆಗಿ, ಮದುವೆಗೆ ತಿಂಗಳಿರುವಾಗ ಹೊಸಬರು ಬಂದು ಲಗ್ನಪತ್ರಿಕೆ ಮೇಲೆ "ಧಾರಾಮುಹೂರ್ತ" ಅಂತ ನೋಡಿದರೆ? ಆಗ ಹುಡುಗಿ ಮನೆಯವರು ಅನುಭವಿಸಬೇಕಾಗುತ್ತೆ. ತಾತನಿಗೆ ಇರೋದೂ ಅದೇ ಭಯ: ಮೊಮ್ಮಗಳು ಮದುವೆ ಆದಮೇಲೆ ಚರ್ಚಿನ ಪೂಜೆಯಲ್ಲಿ ಕೊಡೋ ಪರಮಪ್ರಸಾದ ತಗೊಳ್ಳೋ ಹಾಗಿಲ್ಲ ಅಂತ ಆಗಿಬಿಟ್ಟರೆ ಅಂತ. ಸಭೆಯ ಅನುಮತಿ ಇಲ್ಲದೆ ಹೊರಗೆ ಮದುವೆ ಆದರೆ ಹಾಗೇ ಆಗೋದು. ಅನುಮತಿ ಪತ್ರ ತೋರಿಸಿದರೆ ತಾತ ಅರ್ಧ ಇಳೀತಾರೆ ನೋಡಿ.

ಲಿಲ್ಲಿಬಾಯಿ
ನಾನು ಹುಡುಗಿ ಕಡೆಯವಳ ಸ್ಥಾನದಲ್ಲಿದ್ದು ಹೇಳ್ತೀನಿ, ನಂದೂ ಇಂಥದ್ದೇ ಮದುವೆ. ನಮ್ಮಪ್ಪ ಅಮ್ಮನಿಗೆ ಚರ್ಚು ಮೊದಲೋ ಕೊನೆಯೋ ಅನ್ನೋದು ನೋವಾಗಲಿಲ್ಲ. ಧಾರೆಯ ಹೊತ್ತಲ್ಲಿ ನೋವಾಯ್ತು. ಪುರೋಹಿತರು ಹುಡುಗಿಯ ಗೋತ್ರ ಕೇಳಿದರು. ಗೋತ್ರ ಇಲ್ಲ ಅಂದಿದ್ದಕ್ಕೆ ಗಂಡಿನ ಕಡೆಯ ದೂರದ ದಂಪತಿಯೊಬ್ಬರು ನನ್ನನ್ನ "ಮಗಳಾಗಿ ತಗೊಂಡು" ಧಾರೆ ಎರೆದರು. ಶಾಸ್ತ್ರದಲ್ಲಿ ಹಾಗೆ ಮಾಡೋ ರೂಢಿ ಇದೆಯಂತೆ, ಯಾರೂ ಕೆಟ್ಟ ಮನಸ್ಸಿಂದ ಮಾಡಿದ್ದಲ್ಲ. ಆದರೆ ಹೆತ್ತವರು ಮೊದಲ ಸಾಲಲ್ಲಿ ಕೂತು, ಬೇರೆ ಯಾರೋ ತಮ್ಮ ಮಗಳ ಕೈ ಹಿಡಿದು ನೀರು ಬಿಡೋದನ್ನ ನೋಡಿದರು. ಅಮ್ಮ ಇವತ್ತಿಗೂ ಆ ಫೋಟೋ ಇರೋ ಪುಟ ತಿರುಗಿಸಲ್ಲ.

ಪುರೋಹಿತರ ಹತ್ತಿರ ಇದನ್ನ ಈಗಲೇ ಕೇಳಿ. ಮಂಟಪದಲ್ಲಿ ಕೇಳಿದರೆ ಅವರಿಗೂ ಬೇರೆ ದಾರಿ ಇರಲ್ಲ.

ಪಂಚೆ_ಶಲ್ಯ
ನಮ್ಮ ತಂದೆ ಪೌರೋಹಿತ್ಯ ಮಾಡ್ತಾರೆ, ನಾನೂ ಜೊತೆಗೆ ಹೋಗ್ತೀನಿ. ಲಿಲ್ಲಿಬಾಯಿಯವರು ಹೇಳಿದ್ದು ನಿಜ. ಕನ್ಯಾದಾನದ ಸಂಕಲ್ಪದಲ್ಲಿ ಎರಡೂ ಕಡೆಯ ಗೋತ್ರ, ಪ್ರವರ, ಮೂರು ತಲೆಮಾರಿನ ಹೆಸರು ಬರುತ್ತೆ. ಕ್ಯಾಥೊಲಿಕ್ ಅಪ್ಪನಿಂದ ಅದನ್ನ ಹೇಳಿಸಿದರೆ ಅವರಿಗೂ ಮುಜುಗರ, ಮಂತ್ರಕ್ಕೂ ಅರ್ಥ ಇಲ್ಲ. ಇಂಥ ಮದುವೆ ಬಂದರೆ ನಮ್ಮ ತಂದೆ ಕನ್ಯಾದಾನಾನೇ ಬಿಟ್ಟುಬಿಡ್ತಾರೆ. ಗಣಪತಿ ಪೂಜೆ ಗಂಡಿನ ಮನೇಲೇ ಹಿಂದಿನ ದಿನ. ಮಂಟಪದಲ್ಲಿ ಆರತಿ, ಹಾರ ಬದಲಾವಣೆ, ಹಿರಿಯರಿಂದ ಅಕ್ಷತೆ, ಆಶೀರ್ವಾದ ಮಂತ್ರ. ನೋಡೋರಿಗೆ ತುಂಬಿದ ಮದುವೆ ಥರಾನೇ ಕಾಣುತ್ತೆ.

ಎಲ್ಲ ಪುರೋಹಿತರೂ ಒಪ್ಪಲ್ಲ, ಅದನ್ನೂ ಹೇಳಿಬಿಡ್ತೀನಿ. ಕೆಲವರು "ಮಾಡಿದ್ರೆ ಪೂರ್ತಿ, ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೊಳ್ಳಿ" ಅಂತಾರೆ.

ನಾಗವೇಣಿ_ಕೆ
ನಮ್ಮ ಕಸಿನ್ ಮುಸ್ಲಿಂ ಹುಡುಗನ್ನ ಮದುವೆ ಆಗ್ತಿದ್ದಾಳೆ. ನಿಕಾಹ್ ಮತ್ತು ತಾಳಿ ಒಂದೇ ದಿನ ಇಟ್ಟರೆ ಖಾಜಿಗಳು ಏನಾದ್ರೂ ಅಂತಾರಾ? ಇದೂ ಇದೇ ಥರ ತಾನೆ?

ಕರಿಕೋಟು
ಇಲ್ಲ ಮೇಡಂ, ಅಲ್ಲಿಯ ಧಾರ್ಮಿಕ ನಿಯಮವೂ ಬೇರೆ, ಕಾನೂನಿನ ಪರಿಣಾಮವೂ ಬೇರೆ. ಬೇರೆ ಪೋಸ್ಟ್ ಹಾಕಿ, ಬರೀತೀನಿ. ಇಲ್ಲಿ ಬೆರೆಸಿದರೆ ಇವರಿಗೂ ಗೊಂದಲ.

ಮೂಲೆಮನೆ_ರಾಜಣ್ಣ
ಸರಿ, ಮತಾಂತರದ ವಿಷಯ ಬಿಟ್ಟೆ. ಆದರೆ ಚರ್ಚು ಕೊಡೋ ಕಾಗದ ಸರ್ಕಾರದಲ್ಲಿ ನಡೆಯಲ್ಲ. ಮಂಟಪದ ಫೋಟೋ, ಲಗ್ನಪತ್ರಿಕೆ ಇಟ್ಟು ಹಿಂದೂ ವಿವಾಹ ಕಾಯ್ದೆಯಲ್ಲಿ ರಿಜಿಸ್ಟರ್ ಮಾಡಿಸಿಬಿಡು. ಅದೇ ಸುಲಭ.

ಕರಿಕೋಟು
ರಾಜಣ್ಣನವರೆ, ಇದು ಅಪಾಯದ ಸಲಹೆ. ಹಿಂದೂ ವಿವಾಹ ಕಾಯ್ದೆಗೆ ಇಬ್ಬರೂ ಹಿಂದೂಗಳಾಗಿರಬೇಕು. 2008ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದಿದ್ದು ಹೆಚ್ಚುಕಡಿಮೆ ಇದೇ ಕಥೆ: ಒಬ್ಬರು ರೋಮನ್ ಕ್ಯಾಥೊಲಿಕ್, ಒಬ್ಬರು ಹಿಂದೂ, ದೇವಸ್ಥಾನದಲ್ಲಿ ತಾಳಿ, ಆಮೇಲೆ ಆ ಕಾಯ್ದೆಯಡಿ ನೋಂದಣಿ. ನೋಂದಣಿ ಆಗಿದ್ದರೂ ಮದುವೆ ಅಸಿಂಧು ಅಂತಲೇ ಕೋರ್ಟ್ ಹೇಳಿತು.

ಚರ್ಚಿನ ಕಾಗದ ನಡೆಯಲ್ಲ ಅನ್ನೋದು ಪೂರ್ತಿ ಉಲ್ಟಾ. 1872ರ ಕ್ರೈಸ್ತ ವಿವಾಹ ಕಾಯ್ದೆ ಇಬ್ಬರಲ್ಲಿ ಒಬ್ಬರು ಕ್ರೈಸ್ತರಾಗಿದ್ದರೂ ಅನ್ವಯಿಸುತ್ತೆ. ಅಂದರೆ ಇವರ ವಿಷಯದಲ್ಲಿ ಕಾನೂನಿನ ಭಾರ ಹೊರೋದು ಚರ್ಚಿನ ವಿಧಿ. ಮಂಟಪದ್ದು ಎಷ್ಟು ಶಾಸ್ತ್ರೋಕ್ತವಾಗಿ ನಡೆದರೂ ಕಾನೂನಿಗೆ ಅದು ಸಮಾರಂಭ ಮಾತ್ರ. ಚರ್ಚಲ್ಲಿ ಮಾಡದೆ ಬರೀ ಹಿಂದೂ ವಿಧಿ ಸಾಕು ಅಂತ ತೀರ್ಮಾನ ಮಾಡಿದರೆ ಆಗ 1954ರ ವಿಶೇಷ ವಿವಾಹ ಕಾಯ್ದೆಯಡಿ ರಿಜಿಸ್ಟ್ರಾರ್ ಮುಂದೆ ಹೋಗಲೇಬೇಕು. ಅದಕ್ಕೆ ಮುಂಚೆ 30 ದಿನದ ನೋಟಿಸ್ ಇರುತ್ತೆ.

ಗಂಡಿನ_ಕಡೆ
ಚರ್ಚಲ್ಲಿ ಆದಮೇಲೆ ಭದ್ರತೆಗೆ ಇರಲಿ ಅಂತ ವಿಶೇಷ ಕಾಯ್ದೆಯಲ್ಲೂ ನೋಂದಾಯಿಸಿದರೆ?

ಕರಿಕೋಟು
ಅಭ್ಯಾಸಬಲದಿಂದ ಮಾಡಬೇಡಿ, ಯೋಚಿಸಿ ಮಾಡಿ. ಆ ಕಾಯ್ದೆಯ ಕೆಳಗೆ ಬಂದರೆ 19ನೇ ಸೆಕ್ಷನ್ ಪ್ರಕಾರ ನೀವು ಅವಿಭಕ್ತ ಕುಟುಂಬದಿಂದ ಬೇರೆಯಾದ ಹಾಗೆ, ಉತ್ತರಾಧಿಕಾರಕ್ಕೂ 1925ರ ಕಾಯ್ದೆ ಬರುತ್ತೆ. ಪಿತ್ರಾರ್ಜಿತ ಆಸ್ತಿ ಇನ್ನೂ ಭಾಗ ಆಗದೆ ಇದ್ದರೆ ಅದು ಸಣ್ಣ ವಿಷಯ ಅಲ್ಲ. ಕೆಲವರಿಗೆ ಅದೇ ಅನುಕೂಲ, ಕೆಲವರಿಗೆ ಚಿಕ್ಕಪ್ಪನ ಜೊತೆ ಜಗಳ. ನಿಮ್ಮ ಮನೆಯ ಪತ್ರ ನೋಡಿದ ವಕೀಲರನ್ನ ಕೇಳಿ.

ಹುಬ್ಬಳ್ಳಿ_ಹುಲಿ
ಮದುವಿ ಪ್ರಶ್ನೆ ಕೇಳಾಕ ಬಂದಾಂವಗ ಆಸ್ತಿ ಭಾಗ ಮಾಡಿ ಕೊಟ್ರಿ ನೋಡ್ರಿ 😂

ಜಯಂತಿ_ಆಂಟಿ
ಹೊತ್ತಿನ ವಿಷಯಕ್ಕೆ ಬನ್ನಿ, ಯಾರೂ ಮಾತಾಡ್ತಿಲ್ಲ. 9:30ಕ್ಕೆ ಚರ್ಚು, 11:05ಕ್ಕೆ ಮುಹೂರ್ತ ಅಂತ ಬರೆದ ಪುಣ್ಯಾತ್ಮ ಮದುಮಗಳಿಗೆ ಸೀರೆ ಉಡಿಸಿದ್ದಾನಾ? ಚರ್ಚು 10:15ಕ್ಕೆ ಮುಗೀತು ಅಂತಿಟ್ಕೊಳ್ಳಿ. ರಿಜಿಸ್ಟರಿಗೆ ಸಹಿ, ಸಾಕ್ಷಿಗಳ ಸಹಿ, ಕಾಲು ಗಂಟೆ. ಮೆಟ್ಟಿಲ ಮೇಲೆ ಫೋಟೋ, ಬೇಡ ಅಂದ್ರೂ ಅರ್ಧ ಗಂಟೆ. ಆಗಲೇ 11. ಕಾರಲ್ಲಿ 20 ನಿಮಿಷ ಅಂದ್ರೆ ಎಲ್ಲರೂ ಹತ್ತಿ ಇಳಿಯೋ ಹೊತ್ತಿಗೆ 35. ಸೀರೆ, ಜಡೆ, ಒಡವೆಗೆ ಒಂದು ಗಂಟೆ. ಅವಳು ಮಂಟಪಕ್ಕೆ ಬರೋದು ಹನ್ನೆರಡೂವರೆ ದಾಟಿದ ಮೇಲೆ. ನಿಮ್ಮಜ್ಜಿ ರಾಹುಕಾಲಕ್ಕೆ ಮುನಿಸಿಕೊಂಡಿದ್ದಾರೆ, ಇನ್ನು ಮುಹೂರ್ತ ತಪ್ಪಿದರೆ?

ಗಂಡಿನ_ಕಡೆ
ಆಂಟಿ, ನೀವು ಹೇಳೋವರೆಗೆ ಬಟ್ಟೆ ಬದಲಾಯಿಸೋದನ್ನ ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಘಂಟಾಗೋಪುರ
ನಾನೊಂದು ಹೇಳ್ತೀನಿ, ಫಾದರ್ ಹತ್ತಿರ ಕೇಳಿ ನೋಡಿ. ತಾಳಿಯನ್ನ ಚರ್ಚಲ್ಲೇ ಕಟ್ಟಿ. ನಮ್ಮಲ್ಲಿ ಬಹಳಷ್ಟು ಕಡೆ ಫಾದರ್ ತಾಳಿ ಆಶೀರ್ವದಿಸಿ ಕೊಡ್ತಾರೆ, ಗಂಡು ಅಲ್ಲೇ ಕಟ್ತಾನೆ. ಒಪ್ಪಿಗೆ ಮಾತು ಆದಮೇಲೆ ಉಂಗುರದ ಜೊತೆಗೆ ಅದೂ ನಡೆಯುತ್ತೆ, ಹಾಗಾಗಿ ಎರಡನೇ ಮದುವೆ ಅನ್ನೋ ತಕರಾರು ಇಲ್ಲ.

ನಿಮ್ಮ ಹೊತ್ತಿಗೆ ಹೊಂದಿಸಿದರೆ: ರಾಹುಕಾಲ 10:30ಕ್ಕೆ ಮುಗೀತು. 10:40ಕ್ಕೆ ವಿಧಿ ಶುರು. ದೀಕ್ಷಾಸ್ನಾನ ಆಗದವರ ಜೊತೆಗಿನ ಮದುವೆ, ಪರಮಪ್ರಸಾದ ಕೊಡೋ ಬಲಿಪೂಜೆ ಅಂದರೆ ಮಾಸ್ ಇಲ್ಲದೆ ನಡೆಯುತ್ತೆ, ವಾಚನ, ಪ್ರಸಂಗ, ಒಪ್ಪಿಗೆ, ಉಂಗುರ, ಪ್ರಾರ್ಥನೆ, ಒಟ್ಟು ಮುಕ್ಕಾಲು ಗಂಟೆ. ವಾಚನ, ಪ್ರಸಂಗಕ್ಕೆ 25 ನಿಮಿಷ ಹಿಡಿದರೂ 11:05ಕ್ಕೆ ಒಪ್ಪಿಗೆ, 11:15ಕ್ಕೆ ತಾಳಿ. ಮುಹೂರ್ತ 11:50ರ ತನಕ ಇದೆ. ಪ್ರಸಂಗ ಎಷ್ಟೇ ಎಳೆದರೂ ತಪ್ಪಲ್ಲ. ಅಜ್ಜಿ ಮುಂದಿನ ಬೆಂಚಲ್ಲಿ ಕೂತು ಗಡಿಯಾರ ನೋಡಿಕೊಂಡೇ ಅಕ್ಷತೆ ಹಾಕಲಿ, ಚರ್ಚಲ್ಲಿ ಹಾಕೋದಕ್ಕೆ ಮಾತ್ರ ಮುಂಚೆ ಕೇಳಿಕೊಳ್ಳಿ. ಮಂಟಪ ಒಂದೂವರೆಗೆ, ಯಾವ ಆತುರವೂ ಇಲ್ಲ.

ಒಂದು ಎಚ್ಚರಿಕೆ. ಬಲಿಪೂಜೆ ಇಲ್ಲ ಅಂದಾಗ ಈ ಸಲ ತಾತನ ಕಡೆಯವರು "ಅರ್ಧ ಮದುವೆ" ಅಂತ ಗೊಣಗ್ತಾರೆ. ಅದಕ್ಕೆ ಹಿಂದಿನ ಸಂಜೆಯ ಪೂಜೆಗೆ ಹುಡುಗಿ ಮನೆಯವರೆಲ್ಲ ಒಟ್ಟಿಗೆ ಹೋಗಲಿ, ಅವಳು ಅಲ್ಲಿ ಪರಮಪ್ರಸಾದ ತಗೊಳ್ಳಲಿ, ತಾತನ ಪಕ್ಕದಲ್ಲೇ ಕೂತು.

ಪಂಚೆ_ಶಲ್ಯ
ಮುಹೂರ್ತದೊಳಗೆ ಮಾಂಗಲ್ಯಧಾರಣೆ ಆದರೆ ಬಹುತೇಕ ಅಜ್ಜಿಯರು ಒಪ್ತಾರೆ. ಜಾಗ ಅವರಿಗೆ ಎರಡನೇ ವಿಷಯ. ರಾಹುಕಾಲದ ಬಗ್ಗೆ ಮಾತ್ರ ಒಂದು ಮಾತು: ಕ್ಯಾಲೆಂಡರಲ್ಲಿರೋ 9ರಿಂದ 10:30 ಆರು ಗಂಟೆಗೆ ಸೂರ್ಯೋದಯ ಅಂತ ಹಿಡಿದ ಲೆಕ್ಕ. ಸೂರ್ಯೋದಯ ತಡವಾಗೋ ತಿಂಗಳಲ್ಲಿ ಅದೂ ಮುಂದಕ್ಕೆ ಜರುಗುತ್ತೆ. ಅಜ್ಜಿ ಪಂಚಾಂಗ ಹಿಡಿದು ಕೂರೋರಾದರೆ 10:40 ಅವರಿಗೆ ಸಾಲದೆ ಇರಬಹುದು, 10:50ಕ್ಕೆ ಶುರು ಮಾಡಿ. ಆಗಲೂ ತಾಳಿ 11:25ಕ್ಕೆ ಬರುತ್ತೆ.

ಲಿಲ್ಲಿಬಾಯಿ
ಬಿಳಿ ಗೌನ್ ಬದಲು ಬಿಳಿ ಅಥವಾ ಕೆನೆ ಬಣ್ಣದ ರೇಷ್ಮೆ ಸೀರೆ ಉಟ್ಟರೆ ತಾಳಿ ಕಟ್ಟೋದೂ ಚೆನ್ನಾಗಿ ಕಾಣುತ್ತೆ, ಬದಲಾಯಿಸೋದೂ ಬೇಗ. ಆದರೆ ಅವಳಿಗೆ ಗೌನಿನ ಆಸೆ ಇದ್ದರೆ ಬಿಡಿಸಬೇಡಿ. ಎಲ್ಲ ರಾಜಿಯನ್ನೂ ಮದುಮಗಳೇ ಮಾಡಿಕೊಳ್ಳೋ ಹಾಗೆ ಆಗುತ್ತೆ ಇಂಥ ಮದುವೆಗಳಲ್ಲಿ.

ಸುಮ್ನೆ_ಓದೋನು
ಗೌನ್ ಮೇಲೆ ಹಿಂದಿಂದ ತಾಳಿ ಕಟ್ಟೋದು ನೋಡಿದ್ದೀನಿ. ಮುಸುಕಿಗೆ ಸಿಕ್ಕಿಹಾಕಿಕೊಂಡು ಮೂರನೇ ಗಂಟು ಬೀಳೋಕೆ ಐದು ನಿಮಿಷ.

ನಾಗವೇಣಿ_ಕೆ
ಸಪ್ತಪದಿ ಮಾಡಬಹುದಾ ಮಂಟಪದಲ್ಲಿ? ಅದು ಬರೀ ಏಳು ಹೆಜ್ಜೆ ತಾನೆ.

ಪಂಚೆ_ಶಲ್ಯ
ಬರೀ ಏಳು ಹೆಜ್ಜೆ ಅಲ್ಲಮ್ಮ. ಶಾಸ್ತ್ರದ ಪ್ರಕಾರ ಮದುವೆ ಪೂರ್ತಿ ಆಗೋದೇ ಏಳನೇ ಹೆಜ್ಜೆಗೆ. ಅಗ್ನಿಸಾಕ್ಷಿಯಾಗಿ ಅದನ್ನ ಮಾಡಿಸಿದರೆ ಮದುವೆ ಮಾಡಿಸಿದ ಹಾಗೇ. ಆಶೀರ್ವಾದ ಅಂತ ಹೆಸರು ಕೊಟ್ಟು ಅದನ್ನ ಮಾಡಿಸೋಕೆ ನಾನಂತೂ ಒಪ್ಪಲ್ಲ, ಫಾದರ್‌ಗೂ ಮೋಸ, ಮಂತ್ರಕ್ಕೂ ಮೋಸ.

ಹುಬ್ಬಳ್ಳಿ_ಹುಲಿ
ಹಂಗಾದ್ರ ಹುಡುಗನ ಮನ್ಯಾಗ ಮದುವಿನ ಆಗಲಿಲ್ಲ ಅಂದಂಗಾತಲ್ರೀ? ಚರ್ಚಿನ್ಯಾಗ ಪೂರಾ ಮದುವಿ, ಇತ್ಲಾಗ ಬರೀ ಅಕ್ಕಿಕಾಳು. ಇದು ಸಮಾ ಅಲ್ಲ. ಅಜ್ಜಿಗೆ ಇವತ್ತಲ್ಲ ನಾಳೆ ಯಾರರೆ ಹೇಳೇ ಹೇಳ್ತಾರ.

ಘಂಟಾಗೋಪುರ
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಹುಲಿಯವರು ಹೇಳಿದ್ದರಲ್ಲಿ ಹುರುಳಿದೆ. ಸಮ ಬೇಕೇ ಬೇಕು ಅಂದರೆ ಇನ್ನೊಂದು ದಾರಿ ಉಂಟು, ಜನ ಕೇಳೋದು ಕಮ್ಮಿ. ಗಟ್ಟಿ ಕಾರಣ ಇದ್ದರೆ, ಚರ್ಚಿನ ವಿಧಿಯಿಂದಲೇ ವಿನಾಯಿತಿ ಕೊಡೋ ಅಧಿಕಾರ ಬಿಷಪ್ಪರಿಗೆ ಇದೆ. ಆಗ ಬಹಿರಂಗವಾಗಿ, ಸಾಕ್ಷಿಗಳ ಮುಂದೆ, ಮಂಟಪದಲ್ಲಿ ಆದದ್ದೇ ಮದುವೆ, ಸಭೆಯೂ ಅದನ್ನ ಒಪ್ಪುತ್ತೆ. ಚರ್ಚಲ್ಲಿ ಆಮೇಲೆ ಕೃತಜ್ಞತಾ ಪ್ರಾರ್ಥನೆ ಮಾತ್ರ. ಆದರೆ ಆಗ ತಾತನಿಗೆ ಅಕ್ಕಿಕಾಳು, ಕಾನೂನಿಗೆ ಕರಿಕೋಟು ಹೇಳಿದ 30 ದಿನದ ನೋಟಿಸು. ಯಾರ ಕಡೆ ಪೂರ್ತಿ, ಯಾರ ಕಡೆ ಆಶೀರ್ವಾದ ಅನ್ನೋದನ್ನ ನೀವಿಬ್ಬರೇ ಕೂತು ಆರಿಸಬೇಕು.

ಯಾವುದೇ ಆಗಲಿ, ಪುರೋಹಿತರಿಂದ ಮಂಟಪದಲ್ಲಿ ನಡೆಯೋದರ ಪಟ್ಟಿ ಬರೆಸಿ, ಒಂದೊಂದಕ್ಕೂ ಕನ್ನಡದಲ್ಲಿ ಅರ್ಥ ಬರೆದು ಫಾದರ್ ಕೈಗೆ ಕೊಡಿ. ಅವರು ಯಾವುದರ ಮೇಲೆ ಗೆರೆ ಎಳೀತಾರೋ ಅದು ಆಗಲೇ ಗೊತ್ತಾಗಲಿ. ಹುಡುಗಿಯ ದೀಕ್ಷಾಸ್ನಾನದ ಹೊಸ ಪ್ರಮಾಣಪತ್ರ, ಮದುವೆ ತಯಾರಿ ಕೋರ್ಸ್, ಭಾನುವಾರಗಳಂದು ಚರ್ಚಲ್ಲಿ ಹೆಸರು ಓದಿಸೋದು, ಇದಕ್ಕೆಲ್ಲ ಹೊತ್ತು ಹಿಡಿಯುತ್ತೆ. ಮೂರು ತಿಂಗಳು ಮುಂಚೆ ಅರ್ಜಿ ಹಾಕಿ. ದಿನ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಬೀಳುತ್ತಾ ಅಂತಲೂ ನೋಡಿಕೊಳ್ಳಿ. ಅಲಂಕಾರ, ಸಂಗೀತಕ್ಕೆ ಕಡಿವಾಣ ಇರುತ್ತೆ, ಕೆಲವು ಚರ್ಚುಗಳು ಆಗ ಮದುವೇನೇ ಇಟ್ಟುಕೊಳ್ಳಲ್ಲ.

ಜಯಂತಿ_ಆಂಟಿ
ಪತ್ರಿಕೆ ಎರಡು ಮಾಡಿಸಿ. ಒಂದರಲ್ಲಿ ಗಣಪತಿ, ಒಂದರಲ್ಲಿ ಶಿಲುಬೆ. ಒಂದೇ ಕಾಗದದಲ್ಲಿ ಎರಡನ್ನೂ ಹಾಕಿದರೆ ಯಾವುದು ಮೇಲೆ ಅಂತ ಶುರುವಾಗುತ್ತೆ. ಆದರೆ ಎರಡರಲ್ಲೂ ಎರಡು ಜಾಗ, ಎರಡು ಹೊತ್ತು ಇರಲಿ. ಇಲ್ಲಾಂದ್ರೆ ಚರ್ಚಿನ ವಿಷಯ ಮುಚ್ಚಿಟ್ಟರು ಅಂತಾರೆ.

ಗಂಡಿನ_ಕಡೆ
ಎಲ್ಲರಿಗೂ ಥ್ಯಾಂಕ್ಸ್. ಈ ವಾರ ಇಷ್ಟಾಯ್ತು: ತಾಳಿ ಚರ್ಚಲ್ಲೇ ಕಟ್ಟೋದಕ್ಕೆ ಫಾದರ್ ತಕ್ಷಣ ಒಪ್ಪಿದರು. ಪಟ್ಟಿ ನೋಡಿ ಹೋಮ, ಸಪ್ತಪದಿ ಎರಡರ ಮೇಲೂ ಗೆರೆ ಎಳೆದರು, ಉಳಿದದ್ದು ಇರಲಿ ಅಂದರು. ಅಜ್ಜಿಗೆ 11:25 ಅಂದಿದ್ದಕ್ಕೆ ಪಂಚಾಂಗ ತೆಗೆದು ನೋಡಿ "ಆಗಬಹುದು" ಅಂದಿದ್ದಾರೆ. ಸಪ್ತಪದಿ ಇಲ್ಲ ಅಂತ ಹೇಳೋಣ ಅಂತ ಕೂತೆವು. ಅಪ್ಪ "ಅದನ್ನ ನಾನು ಹೇಳ್ತೀನಿ" ಅಂದರು, ಇನ್ನೂ ಹೇಳಿಲ್ಲ. ತಾತನಿಗೆ ಅನುಮತಿ ಪತ್ರ ಬಂದಮೇಲೆ ತೋರಿಸಬೇಕು. ಮಕ್ಕಳ ವಿಷಯದ ಮಾತನ್ನ ನಮ್ಮಮ್ಮನಿಗೆ ಅವಳೇ ಹೇಳಿದಳು. ಅಮ್ಮ ಏನೂ ಅನ್ನಲಿಲ್ಲ, ಅದೇ ಸ್ವಲ್ಪ ಕಳವಳ.

ಲಿಲ್ಲಿಬಾಯಿ
ಅಪ್ಪ ಹೇಳ್ತಾರೆ ಅಂತ ಕಾಯಬೇಡಿ. ಪತ್ರಿಕೆ ಅಚ್ಚಿಗೆ ಹೋಗೋ ಮುಂಚೆ ಅಜ್ಜಿಗೆ ಗೊತ್ತಿರಬೇಕು.

ಜಯಂತಿ_ಆಂಟಿ
ಫೋಟೋದವನಿಗೂ ಹೇಳಿ, ತಾಳಿ ಚರ್ಚಲ್ಲಿ ಅಂತ. ಅವನು ಆ ಹೊತ್ತಿಗೆ ಮಂಟಪದಲ್ಲಿ ಲೈಟ್ ಕಟ್ತಾ ಕೂತಿರ್ತಾನೆ.